ಎರಡು ನಿಮಿಷದ ಕೊಳಲು, ಆರು ನಿಮಿಷದ ವಿಡಿಯೊ: ಬೆಸುಗೆ ಎಲ್ಲಿ ಹಾಕಬೇಕು?

ಪ್ರಶ್ನೆ: ಸರ್, ನಮ್ಮೂರು ಮಂಡ್ಯದ ಹತ್ತಿರ. ನಮ್ಮ ಆಲೆಮನೆ ಬಗ್ಗೆ 6 ನಿಮಿಷ 10 ಸೆಕೆಂಡಿನ ವಿಡಿಯೊ ಮಾಡಿದ್ದೀನಿ. ಮೈಸೂರಿನ ಗೆಳೆಯ ಕೊಳಲು, ಅವನ ತಮ್ಮ ಮೃದಂಗ ನುಡಿಸಿ ಕೊಟ್ಟಿದ್ದಾರೆ. ಶ್ರುತಿಗೆ ತಂಬೂರಿ ಆಪ್. ಆದರೆ ಆ ರೆಕಾರ್ಡಿಂಗ್ ಬರೀ 1 ನಿಮಿಷ 52 ಸೆಕೆಂಡ್. ಶುರುವಿನ ಆಲಾಪನೆ, ಕೊನೆಯ ಮುಕ್ತಾಯ ಬಿಟ್ಟು ನಡುವಿನ ಮೃದಂಗದ ಭಾಗ ಕತ್ತರಿಸಿ, ಎಂಪಿ3 ಮಾಡಿ, ವಿಡಿಯೊ ಎಡಿಟರ್‌ನಲ್ಲಿ ಒಂದರ ಹಿಂದೆ ಒಂದು ಇಟ್ಟೆ. ಸೇರೋ ಕಡೆ ಟಕ್ ಅನ್ನುತ್ತೆ. ಒಂದು ತುಣುಕು ಇಳಿಯುತ್ತಾ ಇನ್ನೊಂದು ಏರುವ ಹಾಗೆ 2 ಸೆಕೆಂಡಿನ ಕ್ರಾಸ್‌ಫೇಡ್ ಹಾಕಿದೆ. ಈಗ ಟಕ್ ಇಲ್ಲ, ಆದರೆ ಮೃದಂಗ ಎರಡೆರಡು ಸಲ ಕೇಳುತ್ತೆ, ತಾಳ ಎಡವುತ್ತೆ. ಕ್ರಾಸ್‌ಫೇಡ್ ಇನ್ನೂ ಉದ್ದ ಮಾಡಬೇಕಾ? ಗೆಳೆಯನ ಒಪ್ಪಿಗೆ ಇದೆ. ಫೈಲ್ ಕಳಿಸಿದ್ದೀನಿ.

ಉತ್ತರ: ಉದ್ದ ಮಾಡಬೇಡಿ, ಚಿಕ್ಕದು ಮಾಡಿ. 2 ಸೆಕೆಂಡ್ ಅಲ್ಲ, 15 ಮಿಲಿಸೆಕೆಂಡ್ ಸಾಕು. ಅಂದರೆ ಒಂದು ಸೆಕೆಂಡಿನ ಸುಮಾರು ಅರವತ್ತೇಳರಲ್ಲಿ ಒಂದು ಪಾಲು. ಆದರೆ ಅಷ್ಟು ಚಿಕ್ಕ ಕ್ರಾಸ್‌ಫೇಡ್ ಕೆಲಸ ಮಾಡಬೇಕಾದರೆ ಕತ್ತರಿ ಸರಿಯಾದ ಜಾಗದಲ್ಲಿ ಬಿದ್ದಿರಬೇಕು. ನಿಮ್ಮ ತೊಂದರೆ ಇರುವುದು ಅಲ್ಲಿ.

ಕ್ರಾಸ್‌ಫೇಡ್ ಉದ್ದವಾದಷ್ಟೂ ಬೆಸುಗೆ ನುಣುಪಾಗುತ್ತೆ ಅಂತ ತುಂಬಾ ಜನ ನಂಬಿದ್ದಾರೆ. ಬರೀ ತಂಬೂರಿಯೋ, ಗಾಳಿಯ ಸದ್ದೋ ಆದರೆ ಅದು ನಿಜ. ಪೆಟ್ಟು ಇರುವ ಸಂಗೀತದಲ್ಲಿ ಮಾತ್ರ ಅದೇ ಉಪಾಯ ತಿರುಗಿ ಬೀಳುತ್ತೆ. ನಿಮ್ಮ 2 ಸೆಕೆಂಡಿನಲ್ಲಿ ಏನಾಯಿತು ನೋಡಿ. ಆದಿತಾಳ, ಎಂಟು ಎಣಿಕೆಗೆ ಒಂದು ಸುತ್ತು. ಎಣಿಕೆಗೆ ಅಕ್ಷರ ಅಂತಲೂ ಸುತ್ತಿಗೆ ಆವರ್ತ ಅಂತಲೂ ಹೆಸರು. ಒಂದು ಅಕ್ಷರಕ್ಕೆ ಸುಮಾರು 0.62 ಸೆಕೆಂಡ್. ಕ್ರಾಸ್‌ಫೇಡ್ ಅಂದರೆ ಎರಡು ತುಣುಕುಗಳನ್ನು ಒಂದರ ಮೇಲೊಂದು ಏರಿಸಿಡುವುದು. ಹಾಗಾಗಿ ಎರಡನೆಯ ತುಣುಕಿನ ಸಮದ ಪೆಟ್ಟು, ಅಂದರೆ ಆವರ್ತದ ಮೊದಲ ಪೆಟ್ಟು, ಬರಬೇಕಾದ್ದಕ್ಕಿಂತ 2 ಸೆಕೆಂಡ್ ಮೊದಲೇ ಬಂತು. ಎಂಟು ಅಕ್ಷರದ ಆವರ್ತದಲ್ಲಿ ಮೂರು ಚಿಲ್ಲರೆ ಅಕ್ಷರ ಹೋಯಿತು. ಆ 2 ಸೆಕೆಂಡ್ ಪೂರ್ತಿ ಎರಡು ಮೃದಂಗ ಬೇರೆ ಬೇರೆ ಜಾಗದಲ್ಲಿ ನುಡಿಯುತ್ತಾ ಇರುತ್ತವೆ. ನೀವು ಕೇಳಿದ ಜೋಡಿ ಪೆಟ್ಟು ಅದೇ.

ಇನ್ನು ಮೊದಲು ಕೇಳಿಸಿದ ಆ ಟಕ್. ಅದಕ್ಕೆ ಎರಡು ಕಾರಣ ಸೇರಿಕೊಂಡಿವೆ. ಒಂದು, ಧ್ವನಿಯ ಅಲೆ ಮೇಲಿದ್ದಾಗ ಕತ್ತರಿಸಿ, ಕೆಳಗಿರುವ ಅಲೆಗೆ ಅಂಟಿಸಿದರೆ ಸ್ಪೀಕರಿನ ಪೊರೆ ಒಮ್ಮೆಲೇ ಜಿಗಿಯಬೇಕಾಗುತ್ತೆ. ಆ ಜಿಗಿತವೇ ಟಕ್. ಎರಡು, ಎಂಪಿ3. ಎಂಪಿ3 ಮಾಡುವಾಗ ಧ್ವನಿಯನ್ನು 1152 ಸ್ಯಾಂಪಲ್‌ಗಳ ಕಂತುಗಳಾಗಿ ಕಟ್ಟಲಾಗುತ್ತೆ. ಸಿಡಿ ಗುಣಮಟ್ಟದ ಫೈಲಿನಲ್ಲಿ ಒಂದು ಕಂತು ಅಂದರೆ 26 ಮಿಲಿಸೆಕೆಂಡ್. ನಿಮ್ಮ ತುಣುಕು ಕಂತಿಗೆ ಸರಿಯಾಗಿ ಮುಗಿಯದಿದ್ದರೆ ಉಳಿದ ಜಾಗಕ್ಕೆ ಖಾಲಿ ಸದ್ದು ತುಂಬುತ್ತಾರೆ. ಶುರುವಿನಲ್ಲೂ ಒಂದಿಷ್ಟು ಖಾಲಿ ಸೇರುತ್ತೆ. ಎಷ್ಟೇ ಸರಿಯಾಗಿ ಕತ್ತರಿಸಿದರೂ ಎಂಪಿ3 ಆಗಿ ಸೇವ್ ಮಾಡಿದ ಕ್ಷಣ ಅಳತೆ ಕೆಟ್ಟಿತು. ಅದಕ್ಕೇ ಮೊದಲ ಕೆಲಸ, ಗೆಳೆಯನಿಂದ ಮೂಲ ವೇವ್ ಫೈಲ್ ತರಿಸಿಕೊಳ್ಳಿ. ಕೊನೆಯವರೆಗೂ ವೇವ್‌ನಲ್ಲೇ ಕೆಲಸ ಮಾಡಿ.

ಎರಡನೆಯ ಕೆಲಸ, ವಿಡಿಯೊ ಎಡಿಟರ್‌ನಲ್ಲಿ ಲೂಪ್ ಮಾಡುವುದನ್ನು ಬಿಡಿ. ಅಲ್ಲಿ ಕತ್ತರಿ ಸಾಮಾನ್ಯವಾಗಿ ಫ್ರೇಮ್‌ನಿಂದ ಫ್ರೇಮ್‌ಗೆ ಮಾತ್ರ ಕೂರುತ್ತೆ. ಸೆಕೆಂಡಿಗೆ 25 ಫ್ರೇಮ್ ಇದ್ದರೆ ಒಂದೊಂದು ಹೆಜ್ಜೆ 40 ಮಿಲಿಸೆಕೆಂಡ್. ಮೃದಂಗದ ಪೆಟ್ಟು 20–30 ಮಿಲಿಸೆಕೆಂಡ್ ಆಚೀಚೆ ಆದರೂ ತಾಳ ಗೊತ್ತಿರುವ ಕಿವಿಗೆ ಏನೋ ಎಡವಿದ ಹಾಗೆ ಆಗುತ್ತೆ. ಸಂಗೀತವನ್ನು ಆಡಿಯೊ ಎಡಿಟರ್‌ನಲ್ಲಿ ಪೂರ್ತಿ 370 ಸೆಕೆಂಡಿಗೆ ಸಿದ್ಧ ಮಾಡಿ, ಒಂದೇ ಫೈಲಾಗಿ ವಿಡಿಯೊ ಕೆಳಗೆ ಇಡಿ. ಆಡಾಸಿಟಿ ಉಚಿತ, ಈ ಕೆಲಸಕ್ಕೆ ಧಾರಾಳವಾಗಿ ಸಾಕು. ನಿಮ್ಮ ಫೈಲನ್ನು ನಾನೂ ಅದರಲ್ಲೇ ತೆರೆದೆ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ: ಎಲ್ಲಿ ಕತ್ತರಿಸಬೇಕು.

ಅಲೆ ಸೊನ್ನೆ ಗೆರೆ ದಾಟುವ ಜಾಗದಲ್ಲಿ ಕತ್ತರಿಸಿದರೆ ಬೆಸುಗೆ ಕೇಳಿಸಲ್ಲ ಅಂತ ಎಲ್ಲ ಕಡೆ ಹೇಳುತ್ತಾರೆ. ಆಡಾಸಿಟಿಯಲ್ಲಿ Z ಒತ್ತಿದರೆ ಆಯ್ಕೆಯ ಎರಡೂ ತುದಿ ಅಂಥ ಜಾಗಕ್ಕೆ ಹೋಗಿ ಕೂರುತ್ತವೆ. ಆದರೆ ಅದರಿಂದ ಟಕ್ ಮಾತ್ರ ಹೋಗುತ್ತೆ. ಅಲೆ ಸೊನ್ನೆ ಗೆರೆಯನ್ನು ಸೆಕೆಂಡಿಗೆ ನೂರಾರು ಸಲ ದಾಟುತ್ತೆ. ಅದರಲ್ಲಿ ತಾಳಕ್ಕೆ ಕೂಡುವ ಜಾಗ ಯಾವುದು ಅಂತ ಆ ಕೀಗೆ ಗೊತ್ತಿಲ್ಲ. ಸಂಗೀತದ ಜಾಗವನ್ನು ಕಿವಿಯೇ ಹುಡುಕಬೇಕು.

ಹುಡುಕುವಾಗ ನಾನು ನೋಡುವುದು ಒಂದನ್ನೇ. ಕತ್ತರಿಸುವ ಎರಡು ಜಾಗಗಳ ಹಿಂದೆ ಏನು ನುಡಿಯುತ್ತಿದೆ? ಹೆಚ್ಚಿನವರು ಮುಂದೆ ಏನಿದೆ ಅಂತ ನೋಡುತ್ತಾರೆ. ಲೂಪ್ ಶುರುವಾಗುವ ಪೆಟ್ಟು ಚೆನ್ನಾಗಿದೆಯಾ, ಸಮಕ್ಕೆ ಸರಿಯಾಗಿ ಬಂದಿದೆಯಾ, ಅಷ್ಟೇ. ಆದರೆ ಪ್ರತಿ ಸ್ವರಕ್ಕೂ, ಪ್ರತಿ ಪೆಟ್ಟಿಗೂ ಒಂದು ಬಾಲ ಇರುತ್ತೆ. ಮೃದಂಗದ ಬಲಗಡೆಯ ನಾದ ಪೆಟ್ಟಾದ ಮೇಲೂ ಅರ್ಧ ಸೆಕೆಂಡ್ ಗುಂಯ್ ಅನ್ನುತ್ತೆ. ಕೊಳಲು ನಿಂತ ಮೇಲೂ ಕೋಣೆಯಲ್ಲಿ ಅದರ ಉಸಿರು ಉಳಿದಿರುತ್ತೆ. ಮೂಲದಲ್ಲಿ ಆ ಬಾಲ ಮುಂದಿನ ಪೆಟ್ಟಿನ ಕೆಳಗೆ ಹಾಸಿಕೊಂಡಿರುತ್ತೆ. ನೀವು ಹಿಂದಕ್ಕೆ ಹಾರಿದಾಗ ಒಂದು ಬಾಲ ತುಂಡಾಗುತ್ತೆ, ಇನ್ನೊಂದು ಎಲ್ಲಿಂದಲೋ ಬಂದು ಸೇರುತ್ತೆ. ಎರಡೂ ಬಾಲ ಒಂದೇ ಥರ ಇದ್ದರೆ ಕಿವಿಗೆ ಗೊತ್ತಾಗಲ್ಲ. ಚೌಕಳಿ ಅಂಗಿಗೆ ಜೇಬು ಹೊಲಿಯುವ ದರ್ಜಿ ಗೆರೆಗೆ ಗೆರೆ ಕೂಡಿಸುತ್ತಾರಲ್ವಾ? ಇದೂ ಹಾಗೇ.

ನೀವು ಕತ್ತರಿಸಿದ್ದು ಮೃದಂಗ ಶುರುವಾಗುವ ಮೊದಲ ಪೆಟ್ಟಿನಲ್ಲಿ, 14.20ನೇ ಸೆಕೆಂಡಿಗೆ. ಅದರ ಹಿಂದೆ ಇರುವುದು ಬರೀ ಆಲಾಪನೆ. ಮುಗಿಸಿದ್ದು ಮುಕ್ತಾಯ ಶುರುವಾಗುವ ಜಾಗದಲ್ಲಿ, 93.76ಕ್ಕೆ. ಅದರ ಹಿಂದೆ ಇರುವುದು ಭರ್ಜರಿಯಾಗಿ ನುಡಿಯುತ್ತಿರುವ ಮೃದಂಗ. ಎರಡು ಜಾಗದ ಹಿಂದಿನ ಸದ್ದು ಒಂದಕ್ಕೊಂದು ಸಂಬಂಧವೇ ಇಲ್ಲ. ಅಲ್ಲಿ ಎಂಥ ಕ್ರಾಸ್‌ಫೇಡ್ ಹಾಕಿದರೂ ಕೂಡಲ್ಲ.

ಇನ್ನೊಂದು ತೊಂದರೆ ಆ ಜಾಗದಲ್ಲಿದೆ. ಅದು ನಿಮ್ಮ ಗಮನಕ್ಕೆ ಬಂದಿರಲಿಕ್ಕಿಲ್ಲ. ನಿಮ್ಮ ಗೆಳೆಯರು ಮೆಟ್ರೊನೋಮ್ ಇಲ್ಲದೆ ನುಡಿಸಿದ್ದಾರೆ. ಅದು ತಪ್ಪಲ್ಲ, ಕೇಳಲು ಜೀವ ಇರುವುದೇ ಅದಕ್ಕೆ. ಆದರೆ ನುಡಿಸುತ್ತಾ ನುಡಿಸುತ್ತಾ ಕಾಲ ಸ್ವಲ್ಪ ಓಡಿದೆ. ನಾನು ಒಂದೊಂದೇ ಆವರ್ತ ಅಳೆದೆ. ಮೊದಲನೆಯ ಆವರ್ತ 5.10 ಸೆಕೆಂಡ್, ಹದಿನಾರನೆಯದು 4.86. ಕೇಳುತ್ತಾ ಹೋದರೆ ಯಾರಿಗೂ ಗೊತ್ತಾಗಲ್ಲ, ಯಾಕೆಂದರೆ ಒಂದೂಕಾಲು ನಿಮಿಷದಲ್ಲಿ ನಿಧಾನವಾಗಿ ಆಗಿದೆ. ನೀವು ಹದಿನಾರರಿಂದ ಒಂದಕ್ಕೆ ಹಾರಿದಾಗ ಮಾತ್ರ, ಓಡುತ್ತಿದ್ದ ಬಂಡಿಗೆ ಯಾರೋ ಬ್ರೇಕ್ ಹಾಕಿದ ಹಾಗೆ ಆಗುತ್ತೆ. ಕ್ರಾಸ್‌ಫೇಡ್ ಇದನ್ನು ಮುಚ್ಚಲಾರದು.

ಈ ಅಳತೆ ನೀವೂ ಮಾಡಬೇಕು, ಅದೇನು ಕಷ್ಟ ಇಲ್ಲ. ಫೈಲ್ ಪ್ಲೇ ಮಾಡಿ ಕೈಯಲ್ಲಿ ತಾಳ ಹಾಕಿ. ಸಮ ಬಂದ ಕಡೆ ನಿಲ್ಲಿಸಿ, ದೊಡ್ಡದು ಮಾಡಿ ನೋಡಿ. ಹೆಚ್ಚುಕಮ್ಮಿ ಸಪಾಟಾಗಿದ್ದ ಅಲೆ ಗೋಡೆಯ ಹಾಗೆ ಎದ್ದು ನಿಲ್ಲುವ ಜಾಗ ಕಾಣುತ್ತೆ. ಪೆಟ್ಟು ಬಿದ್ದದ್ದು ಅಲ್ಲೇ. ಅಲ್ಲಿ ಕ್ಲಿಕ್ ಮಾಡಿ `Ctrl+B` ಒತ್ತಿದರೆ ಒಂದು ಗುರುತು ಬೀಳುತ್ತೆ. ಸಂಖ್ಯೆ ಬರೆದುಕೊಳ್ಳಿ. ಹದಿನಾರು ಆವರ್ತಕ್ಕೆ ಹದಿನೇಳು ಗುರುತು. ನಿಮಿಷಕ್ಕೆ ಎಷ್ಟು ಪೆಟ್ಟು ಅಂತ ಬಿಪಿಎಂ ಲೆಕ್ಕ ಹಾಕಿ ಗುಣಿಸಿ ಜಾಗ ಹುಡುಕುವುದು ಕಂಪ್ಯೂಟರ್ ನುಡಿಸಿದ ಸಂಗೀತಕ್ಕೆ ಸರಿ. ಮನುಷ್ಯರು ನುಡಿಸಿದ್ದಕ್ಕೆ ಪೆಟ್ಟಿನಿಂದ ಪೆಟ್ಟಿಗೇ ಅಳೆಯಬೇಕು.

ಗುರುತುಗಳನ್ನು ಹಾಕಿಕೊಂಡ ಮೇಲೆ ನನಗೆ ಕಂಡದ್ದು ಇದು. ಐದನೆಯ ಆವರ್ತದಿಂದ ಹನ್ನೆರಡನೆಯದರವರೆಗೆ ಕಾಲ ಹೆಚ್ಚುಕಮ್ಮಿ ನಿಂತಿದೆ. ಎಲ್ಲವೂ 4.95ರಿಂದ 4.98ರ ಒಳಗೆ. ನಾಲ್ಕನೆಯ ಆವರ್ತದ ಕೊನೆಯಲ್ಲಿ ಕೊಳಲು ಒಂದು ಸಾಲು ಮುಗಿಸಿ ಉಸಿರು ತಗೊಳ್ಳುತ್ತೆ. ಹನ್ನೆರಡನೆಯದರ ಕೊನೆಯಲ್ಲೂ ಹಾಗೇ ಉಸಿರು ತಗೊಳ್ಳುತ್ತೆ. ಎರಡೂ ಕಡೆ ಮೃದಂಗದಲ್ಲಿ ಸರ್ವಲಘು, ಅಂದರೆ ಸಾದಾ ನಡೆ. ಒಂದು ಭಾಗ ಮುಗಿಸಲು ನುಡಿಸುವ ಮೋರಾ ಇಲ್ಲ, ತೀರ್ಮಾನ ಇಲ್ಲ. ಹಿಂದಿನ ಸದ್ದು ಎರಡೂ ಕಡೆ ಒಂದೇ ಥರ. ನಿಮ್ಮ ಲೂಪ್ ಪಾಯಿಂಟ್ ಇವೇ: ಐದನೆಯ ಆವರ್ತದ ಸಮ 34.46ಕ್ಕೆ, ಹದಿಮೂರನೆಯ ಆವರ್ತದ ಸಮ 74.18ಕ್ಕೆ. ನಡುವೆ ಎಂಟು ಆವರ್ತ, 39.72 ಸೆಕೆಂಡ್. ನಾನು ಮೊದಲು ಮೂರನೆಯ ಮತ್ತು ಹನ್ನೊಂದನೆಯ ಸಮವನ್ನು ಹಿಡಿದು ನೋಡಿದ್ದೆ. ಅಲ್ಲಿ ಕೊಳಲು ಒಂದು ಸ್ವರವನ್ನು ಎಳೆದು ಸಮದ ಮೇಲೆ ಹಾಯಿಸಿದೆ. ಕತ್ತರಿಸಿದ ಕೂಡಲೇ ಉಸಿರು ಕಟ್ಟಿದ ಹಾಗೆ ಕೇಳಿತು. ಬಿಟ್ಟೆ.

ಇನ್ನು ಕತ್ತರಿ. ಸಮದ ಪೆಟ್ಟಿನ ಮೇಲೆ ಕತ್ತರಿಸಬೇಡಿ, ಅದಕ್ಕಿಂತ ಸ್ವಲ್ಪ ಮುಂಚೆ ಕತ್ತರಿಸಿ. ಪೆಟ್ಟಿನ ಮೇಲೆಯೇ ಕ್ರಾಸ್‌ಫೇಡ್ ಬಿದ್ದರೆ ಪೆಟ್ಟಿನ ಮೊನೆ ಮೊಂಡಾಗುತ್ತೆ. ಕ್ರಾಸ್‌ಫೇಡ್ ಪೆಟ್ಟಿಗೆ 25 ಮಿಲಿಸೆಕೆಂಡ್ ಇರುವಾಗ ಶುರುವಾಗಿ, 10 ಮಿಲಿಸೆಕೆಂಡ್ ಇರುವಾಗ ಮುಗಿಯಲಿ. ಹಿಂದೆಯೇ ಬರುವ ಜೋರಾದ ಪೆಟ್ಟು ಕಿವಿಯನ್ನು ತನ್ನ ಕಡೆ ಎಳೆದುಕೊಳ್ಳುತ್ತೆ. ಅದಕ್ಕೆ ಮೊದಲಿನ ಕೆಲವು ಮಿಲಿಸೆಕೆಂಡಿನ ಸಣ್ಣ ಕೊರತೆ ಅದರಲ್ಲಿ ಮುಚ್ಚಿಹೋಗುತ್ತೆ.

ಇಲ್ಲಿ ಎಲ್ಲರೂ ಬೀಳುವ ಒಂದು ಗುಂಡಿ ಇದೆ. ಕ್ರಾಸ್‌ಫೇಡ್ ಎಷ್ಟು ಉದ್ದವೋ ಅಷ್ಟು ಸಮಯ ತಿನ್ನುತ್ತೆ. 34.46ರಿಂದ 74.18ಕ್ಕೆ ಸರಿಯಾಗಿ ಕತ್ತರಿಸಿಟ್ಟುಕೊಂಡು 15 ಮಿಲಿಸೆಕೆಂಡ್ ಏರಿಸಿದರೆ ಪ್ರತಿ ಬೆಸುಗೆಗೂ ತಾಳ 15 ಮಿಲಿಸೆಕೆಂಡ್ ಮುಂದಕ್ಕೆ ಬರುತ್ತೆ. ಅದಕ್ಕೆ ಬರುವ ತುಣುಕನ್ನು 34.435ರಿಂದ, ಅಂದರೆ ಪೆಟ್ಟಿಗಿಂತ 25 ಮಿಲಿಸೆಕೆಂಡ್ ಮೊದಲಿನಿಂದ ಕತ್ತರಿಸಿ. ಹೋಗುವ ತುಣುಕನ್ನು 74.17ಕ್ಕೆ, ಅಂದರೆ ಮುಂದಿನ ಪೆಟ್ಟಿಗೆ 10 ಮಿಲಿಸೆಕೆಂಡ್ ಇರುವಾಗ ನಿಲ್ಲಿಸಿ. ಈಗ ಎರಡೂ ಏರಿಕೊಳ್ಳುವುದು ಆ ಹೆಚ್ಚುವರಿ ತುದಿಯಲ್ಲಿ ಮಾತ್ರ. ಸಮದ ಪೆಟ್ಟು ಎಲ್ಲಿರಬೇಕೋ ಅಲ್ಲೇ ಬೀಳುತ್ತೆ.

ಆಡಾಸಿಟಿಯಲ್ಲಿ ಎರಡು ತುಣುಕನ್ನು ಎರಡು ಟ್ರ್ಯಾಕ್‌ನಲ್ಲಿ ಮೇಲೆ ಕೆಳಗೆ ಇಟ್ಟು, ಏರಿಕೊಂಡ ಭಾಗವನ್ನು ಎರಡರಲ್ಲೂ ಆರಿಸಿ `Crossfade Tracks` ಕೊಡಿ. ಅದು ಯಾವ ಬಗೆಯ ಫೇಡ್ ಬೇಕು ಅಂತ ಕೇಳುತ್ತೆ. ಇಲ್ಲಿ `Constant Gain` ಸಾಕು. ಯಾಕೆ ಅಂತ ಹೇಳಿಬಿಡ್ತೀನಿ, ಮುಂದೆ ತಂಬೂರಿಗೆ ಬೇಕಾಗುತ್ತೆ. ಎರಡು ತುಣುಕಿನ ಅಲೆ ಒಂದಕ್ಕೊಂದು ಹೊಂದುತ್ತಿದ್ದರೆ ನಟ್ಟನಡುವೆ ಇದು ಅರ್ಧ ಅದು ಅರ್ಧ ಸೇರಿ ಒಂದು ಪೂರ್ತಿ ಆಗುತ್ತೆ. ಅದು `Constant Gain`. ಅಲೆಗಳು ಬೇರೆ ಬೇರೆ ಆಗಿದ್ದರೆ ಅರ್ಧ ಅರ್ಧ ಸೇರಿದಾಗ ಪೂರ್ತಿ ಆಗಲ್ಲ, ನಡುವೆ ಸುಮಾರು 3 ಡೆಸಿಬೆಲ್ ಕುಸಿಯುತ್ತೆ. ಕೇಳಿದವರಿಗೆ ಸದ್ದು ಒಮ್ಮೆ ತಗ್ಗಿ ಎದ್ದ ಹಾಗೆ ಅನಿಸುತ್ತೆ. ಆಗ `Constant Power 1` ಬೇಕು, ಅದು ಎರಡನ್ನೂ ನಡುವೆ 0.7ರಷ್ಟು ಎತ್ತಿ ಹಿಡಿಯುತ್ತೆ. ಅದನ್ನೇ ಹೊಂದುವ ಅಲೆಗಳಿಗೆ ಹಾಕಿದರೆ ತಿರುಗುಮುರುಗು, ನಡುವೆ 3 ಡೆಸಿಬೆಲ್ ಉಬ್ಬುತ್ತೆ. 15 ಮಿಲಿಸೆಕೆಂಡಿನಲ್ಲಿ ಈ ತಗ್ಗು ಉಬ್ಬು ಕಿವಿಗೆ ಸಿಗುವಷ್ಟು ಹೊತ್ತು ಇರಲ್ಲ. 3 ಸೆಕೆಂಡಿನ ಕ್ರಾಸ್‌ಫೇಡ್‌ನಲ್ಲಿ ಚೆನ್ನಾಗಿ ಕೇಳುತ್ತೆ.

ಬೆಸುಗೆ ಸರಿಹೋಯಿತು ಅಂತ ಇಟ್ಟುಕೊಳ್ಳಿ. ಈಗ ಲೆಕ್ಕ. ಮೂಲ 112 ಸೆಕೆಂಡ್, ಬೇಕಾದ್ದು 370. 258 ಸೆಕೆಂಡ್ ಕಮ್ಮಿ ಇದೆ. ಲೂಪ್ ಒಂದು ಸಲ ಹೆಚ್ಚಿಗೆ ಸುತ್ತಿದರೆ 39.72 ಸಿಗುತ್ತೆ. ಹಾಗೆ ಆರೂವರೆ ಸುತ್ತು ಹಾಕಿದರೆ ತುಂಬಿಹೋಗುತ್ತೆ. ಲೆಕ್ಕ ಚೆನ್ನಾಗಿ ಕೂಡುತ್ತೆ, ಆದರೆ ಹಾಗೆ ಮಾಡಬೇಡಿ ಅಂತ ನನ್ನ ಮಾತು.

ಕಾರಣ ಇದು. ಹತ್ತನೆಯ ಆವರ್ತದ ಐದನೆಯ ಅಕ್ಷರದ ಹತ್ತಿರ ಕೇಳಿ. ಮೃದಂಗದ ಎಡಗಡೆಯಲ್ಲಿ ಒಂದು ದೊಡ್ಡ ಗುಮ್ಕಿ ಇದೆ. ಗುಂ ಅಂತ ಕೆಳಗಿನಿಂದ ಜಾರಿ ಮೇಲೆ ಬರುತ್ತೆ. ಒಳ್ಳೆಯ ಕೈ, ಒಂದು ಸಲ ಕೇಳಿದರೆ ಖುಷಿಯಾಗುತ್ತೆ. ಅದೇ ಗುಮ್ಕಿ ಸರಿಯಾಗಿ 40 ಸೆಕೆಂಡಿಗೊಮ್ಮೆ ಏಳು ಸಲ ಬಂದರೆ? ಮೂರನೆಯ ಸಲಕ್ಕೇ ನೋಡುವವರಿಗೆ ಇದು ಸುತ್ತುತ್ತಿದೆ ಅಂತ ಗೊತ್ತಾಗುತ್ತೆ. ಬೆಸುಗೆ ಎಷ್ಟು ಚೆನ್ನಾಗಿದ್ದರೂ ಲೂಪ್ ಅಂತ ತಿಳಿಯುವುದು ಇಂಥ ಗುರುತುಗಳಿಂದ. ಬೆಸುಗೆ ಹುಡುಕುವಷ್ಟೇ ಶ್ರದ್ಧೆಯಿಂದ ಇವನ್ನೂ ಹುಡುಕಬೇಕು.

ಅದಕ್ಕೆ ನಾನು ಮಾಡಿದ್ದು ಇಷ್ಟು. ಎಂಟು ಆವರ್ತವನ್ನು ಎರಡು ಭಾಗ ಮಾಡಿದೆ. ಐದರಿಂದ ಎಂಟು ಒಂದು ಭಾಗ, ಅದಕ್ಕೆ 'ಅ' ಅನ್ನೋಣ. ಒಂಬತ್ತರಿಂದ ಹನ್ನೆರಡು ಇನ್ನೊಂದು, ಅದು 'ಆ'. ಗುಮ್ಕಿ ಇರುವುದು 'ಆ' ಭಾಗದಲ್ಲಿ ಮಾತ್ರ. ಎರಡೂ ಹತ್ತಿರ ಹತ್ತಿರ 20 ಸೆಕೆಂಡ್: 'ಅ' 19.90, 'ಆ' 19.82. 'ಅ' ಮುಗಿದ ಮೇಲೆ ಮತ್ತೆ 'ಅ'ಗೇ ಹೋಗಲು ಆದರೆ ಗುಮ್ಕಿಯನ್ನು ದೂರ ದೂರ ಇಡಬಹುದು. ಅದಕ್ಕೆ ಒಂಬತ್ತನೆಯ ಸಮದಿಂದ ಐದನೆಯ ಸಮಕ್ಕೆ ಇನ್ನೊಂದು ಬೆಸುಗೆ ಬೇಕು.

ಆ ಬೆಸುಗೆ ಮೊದಲಿನಷ್ಟು ಸಲೀಸಾಗಿ ಕೂಡಲಿಲ್ಲ. ಎಂಟನೆಯ ಆವರ್ತದ ಕೊನೆಯಲ್ಲಿ ಕೊಳಲು ಪೂರ್ತಿ ನಿಂತಿಲ್ಲ. ಕೊನೆಯ ಸ್ವರ ಸಣ್ಣದಾಗುತ್ತಾ ಸಮದ ಹತ್ತಿರದವರೆಗೂ ಬಂದಿದೆ. 15 ಮಿಲಿಸೆಕೆಂಡ್ ಹಾಕಿದಾಗ ಆ ಸ್ವರದ ತುದಿಯನ್ನು ಚಿವುಟಿದ ಹಾಗೆ ಆಯಿತು. 40ಕ್ಕೆ ಏರಿಸಿದೆ, ಪೆಟ್ಟಿಗೆ 50 ಇರುವಾಗ ಶುರು ಮಾಡಿ 10 ಇರುವಾಗ ಮುಗಿಸಿದೆ. ಸ್ವರ ತಾನಾಗಿ ಆರಿದ ಹಾಗೆ ಕೇಳಿತು. ಇನ್ನೂ ಉದ್ದ ಮಾಡಲು ಧೈರ್ಯ ಇತ್ತು, ಯಾಕೆಂದರೆ ಸಮಕ್ಕೆ ಮೊದಲಿನ ಪೆಟ್ಟು ಅರ್ಧ ಅಕ್ಷರ ಹಿಂದೆ, ಅಂದರೆ ಸುಮಾರು 300 ಮಿಲಿಸೆಕೆಂಡ್ ಹಿಂದೆ ಇದೆ. ಪೆಟ್ಟು ತಗುಲದವರೆಗೆ ಕ್ರಾಸ್‌ಫೇಡ್ ಹಿಗ್ಗಿಸಬಹುದು. ತಗುಲಿದರೆ ಮತ್ತೆ ಜೋಡಿ ಪೆಟ್ಟು. ಕ್ರಾಸ್‌ಫೇಡ್ ಉದ್ದಕ್ಕೆ ನಾನು ಇಟ್ಟುಕೊಂಡಿರುವ ಮಿತಿ ಅದೊಂದೇ.

ಇಷ್ಟಾದರೂ ಆರು ನಿಮಿಷ ಪೂರ್ತಿ ಸಂಗೀತದಿಂದ ತುಂಬಬೇಕಾ? ನಿಮ್ಮ ವಿಡಿಯೊ ನೋಡಿದೆ. ನಡುವೆ ಕಬ್ಬು ಗಾಣಕ್ಕೆ ಕೊಡುವ ದೃಶ್ಯ ಇದೆ. ಆಮೇಲೆ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತೆ, ಗೊಬಗೊಬ ಅಂತ ಗುಳ್ಳೆ ಒಡೆಯುವ ಸದ್ದು ನಿಮ್ಮ ಕ್ಯಾಮರಾದಲ್ಲೇ ಎಷ್ಟು ಚೆನ್ನಾಗಿ ಬಂದಿದೆ. ಅದರ ಮೇಲೆ ಕೊಳಲು ಹಾಕಿ ಮುಚ್ಚಿಬಿಟ್ಟಿದ್ದೀರಿ. ಅಲ್ಲಿ ಒಂದು ನಿಮಿಷ ಕೊಳಲು, ಮೃದಂಗ ಎರಡೂ ನಿಲ್ಲಲಿ. ಕೆಳಗೆ ತಂಬೂರಿ ಮಾತ್ರ ಸಣ್ಣಗೆ ಇರಲಿ. ಅಚ್ಚಿಗೆ ಬೆಲ್ಲ ಹುಯ್ಯುವ ದೃಶ್ಯಕ್ಕೆ ಸರಿಯಾಗಿ ಸಮದಿಂದ ಮತ್ತೆ ಶುರುವಾಗಲಿ. ಹಾಗೆ ಹೊಸದಾಗಿ ಶುರುವಾಗುವ ಕಡೆ ಬೆಸುಗೆಯ ಪ್ರಶ್ನೆಯೇ ಇಲ್ಲ. ಕಿವಿಗೂ ಬಿಡುವು ಸಿಗುತ್ತೆ, ನಾಲ್ಕು ಸಲ ಕೇಳಿದ ಸಾಲೂ ಆಮೇಲೆ ಹಳೆಯದು ಅನಿಸಲ್ಲ.

ಹಾಗೆ ಜೋಡಿಸಿದರೆ ಹೀಗೆ ಬರುತ್ತೆ. ಮೂಲದ ಶುರುವಿನಿಂದ ನಾಲ್ಕನೆಯ ಆವರ್ತದ ಕೊನೆಯವರೆಗೆ ಇದ್ದ ಹಾಗೇ, 34.46 ಸೆಕೆಂಡ್. ಆಮೇಲೆ ಅ ಆ ಅ ಅ ಆ ಅ. ನಂತರ ಬಿಡುವು. ಬಿಡುವಿನ ಮೇಲೆ ಅ ಅ ಆ ಅ ಅ ಆ. ಕೊನೆಯ 'ಆ' ಮುಗಿಯುವುದು ಹನ್ನೆರಡನೆಯ ಆವರ್ತದಲ್ಲಿ. ಅಲ್ಲಿಂದ ಮೂಲದ ಹದಿಮೂರನೆಯ ಆವರ್ತ ತಾನಾಗಿ ಮುಂದುವರಿಯುತ್ತೆ, ಬೆಸುಗೆ ಬೇಡ. ಕಾಲ ಸ್ವಲ್ಪ ಏರಿ, ಮುಕ್ತಾಯ ಬಂದು, ತಂಬೂರಿ ಆರುವವರೆಗೆ 37.82 ಸೆಕೆಂಡ್. ಎಲ್ಲ ಕೂಡಿಸಿ 370ರಿಂದ ಕಳೆದರೆ ಬಿಡುವಿಗೆ ಉಳಿಯುವುದು 59 ಸೆಕೆಂಡ್ ಚಿಲ್ಲರೆ. ಟೈಮ್‌ಲೈನ್‌ನಲ್ಲಿ ಇಡುವಾಗ ಕೊನೆಯ ತುಣುಕನ್ನೇ ಮೊದಲು ಇಡಿ, ವಿಡಿಯೊದ ಕೊನೆಗೆ ಅಂಟಿಸಿ. ಅಲ್ಲಿಂದ ಹಿಂದಕ್ಕೆ ಬನ್ನಿ. ಲೆಕ್ಕದಲ್ಲಿ ಉಳಿದ ಅರೆಕೊರೆ ಎಲ್ಲ ನಡುವಿನ ಬಿಡುವಿಗೆ ಹೋಗುತ್ತೆ. ಅಲ್ಲಿ ಅರ್ಧ ಸೆಕೆಂಡ್ ಹೆಚ್ಚುಕಮ್ಮಿ ಆದರೂ ಯಾರಿಗೂ ಗೊತ್ತಾಗಲ್ಲ.

ಬಿಡುವಿಗೆ ಮೊದಲು ಸಂಗೀತವನ್ನು ಸುಮ್ನೆ ಫೇಡ್ ಮಾಡಿ ಇಳಿಸಬೇಡಿ, ರೇಡಿಯೊ ಆರಿಸಿದ ಹಾಗೆ ಆಗುತ್ತೆ. ತಾಳದ ಸಂಗೀತ ಸಮಕ್ಕೆ ಬಂದು ನಿಲ್ಲಬೇಕು. ನಿಮ್ಮ ಮುಕ್ತಾಯದ ಕಟ್ಟಕಡೆಯ ಪೆಟ್ಟು ಇದೆಯಲ್ಲ, ಅದು ಮತ್ತು ಅದರ ಬಾಲವನ್ನು ನಕಲು ಮಾಡಿ, ಬಿಡುವಿಗೆ ಮೊದಲಿನ 'ಅ' ಮುಗಿಯುವ ಕಡೆ ಸಮದ ಜಾಗಕ್ಕೆ ಇಡಿ. ಆ ಪೆಟ್ಟು ಉಳಿದದ್ದಕ್ಕಿಂತ ಜೋರಾಗಿದೆ. ಒಂದೆರಡು ಡೆಸಿಬೆಲ್ ತಗ್ಗಿಸಿ, ಕಿವಿಗೆ ಒಪ್ಪುವಷ್ಟು.

ಈಗ ತಂಬೂರಿ. ಇದನ್ನು ಬಿಟ್ಟರೆ ಉಳಿದ ಕೆಲಸ ಎಲ್ಲ ವ್ಯರ್ಥ. ತಂಬೂರಿಯ ನಾಲ್ಕು ತಂತಿಯ ಸುತ್ತಿಗೂ ನಿಮ್ಮ ತಾಳಕ್ಕೂ ಸಂಬಂಧ ಇಲ್ಲ. ತಾಳಕ್ಕೆ ಸರಿಯಾಗಿ ಕತ್ತರಿಸಿದ ಕಡೆ ತಂಬೂರಿ ಪಂಚಮದಿಂದ ನೇರ ಮಂದ್ರ ಷಡ್ಜಕ್ಕೆ ಹಾರಿರಬಹುದು. ಅಲೆಗೆ ಅಲೆ ಎದುರಾಗಿ ಸದ್ದು ಒಳಗಿನಿಂದ ಟೊಳ್ಳಾದ ಹಾಗೂ ಕೇಳಬಹುದು. ನಿಮ್ಮ ಫೈಲಿನಲ್ಲಿ ಮೂರೂ ವಾದ್ಯ ಒಂದೇ ಟ್ರ್ಯಾಕ್‌ನಲ್ಲಿ ಬೆರೆತಿವೆ, ಬೇರೆ ಮಾಡಲು ಆಗಲ್ಲ. ಆದರೆ ನಿಮಗೊಂದು ಅನುಕೂಲ ಇದೆ. ತಂಬೂರಿ ಆಪ್‌ನದ್ದು. ಗೆಳೆಯನಿಗೆ ಹೇಳಿ, ಅದೇ ಆಪ್, ಅದೇ ಶ್ರುತಿ, ಅದೇ ವೇಗ ಇಟ್ಟು ಆರೂವರೆ ನಿಮಿಷ ಬರೀ ತಂಬೂರಿ ರೆಕಾರ್ಡ್ ಮಾಡಿ ಕಳಿಸಲಿ. ಅದನ್ನು ಬೇರೆ ಟ್ರ್ಯಾಕ್‌ನಲ್ಲಿ ಶುರುವಿನಿಂದ ಕೊನೆಯವರೆಗೆ ಎಲ್ಲೂ ಕತ್ತರಿಸದೆ ಸಣ್ಣಗೆ ಹಾಸಿಬಿಡಿ. ಮೇಲೆ ಎಷ್ಟು ಬೆಸುಗೆ ಇದ್ದರೂ ಕೆಳಗೆ ಒಂದೇ ದಾರ ಹರಿಯುತ್ತಿರುತ್ತೆ. ಬಿಡುವಿನ ಒಂದು ನಿಮಿಷವನ್ನು ಹಿಡಿದು ನಿಲ್ಲಿಸುವುದೂ ಅದೇ.

ಇದರಲ್ಲಿ ಅಪಾಯ ಒಂದೇ. ಶ್ರುತಿ ಕೂದಲೆಳೆಯಷ್ಟು ಬೇರೆ ಆದರೂ ಎರಡು ತಂಬೂರಿ ಸೇರಿ ವಂಯ್ ವಂಯ್ ಅಂತ ಅಲೆಯುತ್ತೆ. ಆಪ್‌ನಲ್ಲಿ ಶ್ರುತಿಯ ಮಟ್ಟ ಹೇಳುವ ಕಟ್ಟೆ ಮಾತ್ರ ನೋಡಿದರೆ ಸಾಲದು, ಪಕ್ಕದ ಫೈನ್ ಟ್ಯೂನಿಂಗ್ ಕೂಡ ಅಂದು ಎಷ್ಟಿತ್ತೋ ಅಷ್ಟೇ ಇರಬೇಕು. ಗೆಳೆಯನಿಗೆ ನೆನಪಿಲ್ಲ ಅಂದರೆ ನಿಮ್ಮ ಫೈಲಿನ ಮೊದಲ 6 ಸೆಕೆಂಡಿನಲ್ಲಿ ಬರೀ ತಂಬೂರಿ ಇದೆ. ಅದರ ಜೊತೆ ಕೇಳಿಸಿಕೊಂಡು ಅಲೆತ ನಿಲ್ಲುವವರೆಗೆ ಹೊಂದಿಸಲಿ. ಅದೂ ಆಗಲಿಲ್ಲ ಅಂದರೆ ಆ 6 ಸೆಕೆಂಡನ್ನೇ ಲೂಪ್ ಮಾಡಬೇಕಾಗುತ್ತೆ. ನೀವು ಹಾಕಿದ ಥರದ ಉದ್ದ ಕ್ರಾಸ್‌ಫೇಡ್‌ಗೆ ನಿಜವಾದ ಜಾಗ ಅದು. 2 ಸೆಕೆಂಡ್ ಹಾಕಿ, `Constant Power 1` ಆರಿಸಿ, ಕೇಳಿ. ನಡುವೆ ಸದ್ದು ಉಬ್ಬಿದರೆ ಅಲೆಗಳು ಹೊಂದುತ್ತಿವೆ ಅಂತ ಅರ್ಥ, ಆಗ `Constant Gain`ಗೆ ಬದಲಿಸಿ. ಟೊಳ್ಳಾದರೆ ಒಂದು ತುಣುಕನ್ನು ಮೂರ್ನಾಲ್ಕು ಮಿಲಿಸೆಕೆಂಡ್ ಆಚೀಚೆ ಸರಿಸಿ. ಒಂದೂವರೆ ಕಟ್ಟೆಯ ಷಡ್ಜದ ಒಂದು ಅಲೆ ಸುಮಾರು 7 ಮಿಲಿಸೆಕೆಂಡ್ ಇರುತ್ತೆ. ಅದರ ಅರ್ಧ ಸರಿಸಿದರೆ ಎದುರಾಗಿದ್ದ ಅಲೆಗಳು ಕೂಡಿಕೊಳ್ಳುತ್ತವೆ.

ಬೇರೆ ದಾರಿ ಇಲ್ಲವಾ ಅಂತ ಕೇಳಬಹುದು. ಇಡೀ ತುಣುಕನ್ನು ಸಾಫ್ಟ್‌ವೇರ್‌ನಲ್ಲಿ ಹಿಗ್ಗಿಸುವುದು ಆಗದ ಮಾತು. ನೂರಕ್ಕೆ ಎರಡು ಮೂರು ಪಾಲು ಹಿಗ್ಗಿಸಬಹುದು, ನಿಮಗೆ ಬೇಕಾದ್ದು ಮೂರು ಪಟ್ಟು. ಮೃದಂಗದ ಪೆಟ್ಟು ಒದ್ದೆ ಬಟ್ಟೆ ಬಡಿದ ಹಾಗೆ ಆಗುತ್ತೆ. ಗೆಳೆಯರು ಮತ್ತೊಮ್ಮೆ ಕೂತು ನುಡಿಸಲು ಒಪ್ಪಿದರೆ ಅದು ಎಲ್ಲಕ್ಕಿಂತ ಒಳ್ಳೆಯದು. ಒಪ್ಪಿದರೆ ಮೂರು ವಾದ್ಯವನ್ನೂ ಬೇರೆ ಬೇರೆ ಟ್ರ್ಯಾಕ್‌ನಲ್ಲಿ ಕೊಡಲು ಹೇಳಿ. ಆಗ ಮೃದಂಗವನ್ನು ಸಮದಲ್ಲಿ, ಕೊಳಲನ್ನು ಅದು ಉಸಿರು ತಗೊಳ್ಳುವ ಕಡೆ, ಹೀಗೆ ಒಂದೊಂದನ್ನು ಒಂದೊಂದು ಜಾಗದಲ್ಲಿ ಬೆಸೆಯಬಹುದು.

ಕೊನೆಗೆ, ಬೆಸುಗೆ ಪರೀಕ್ಷೆ ಮಾಡುವ ರೀತಿ. ಇದನ್ನು ನಾನು ಕಲಿತದ್ದು ಸುಲಭವಾಗಿ ಅಲ್ಲ. ಮೈಸೂರಿನಲ್ಲಿ ಈ ಕೆಲಸ ಶುರು ಮಾಡಿದ ಹೊಸತು. ಒಂದು ಜಾತ್ರೆಯ ಚಿತ್ರಕ್ಕೆ ಸಂಗೀತ ಹಿಗ್ಗಿಸಿದ್ದೆ. ಪರದೆಯ ಮೇಲೆ ಅಲೆ ನೋಡಿದರೆ ಎಲ್ಲಿ ಕತ್ತರಿಸಿದ್ದೀನಿ ಅಂತ ನನಗೇ ಗೊತ್ತಾಗುತ್ತಿರಲಿಲ್ಲ. ನುಡಿಸಿದ ಮೃದಂಗದ ವಿದ್ವಾಂಸರು ಕೇಳಲು ಬಂದರು. ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕುತ್ತಾ ಕೂತರು. ಬೆಸುಗೆ ಬಂದ ಕಡೆ ಅವರ ಕೈ ಎದ್ದದ್ದು ಎದ್ದ ಹಾಗೇ ನಿಂತಿತು. "ಇಲ್ಲಿ ಅರ್ಧ ಅಕ್ಷರ ಕಮ್ಮಿ ಆಯ್ತಲ್ಲಪ್ಪ" ಅಂದರು. ಬೈಯಲಿಲ್ಲ. ಆದರೆ ಆ ಕೈ ನಿಂತದ್ದು ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದೆ. ಅಂದಿನಿಂದ ನಾನು ಪರದೆ ನೋಡಿ ಬೆಸುಗೆ ಒಪ್ಪುವುದಿಲ್ಲ. ಕಣ್ಣಿಗೆ ಗೆರೆ ಕಂಡರೆ ಕಿವಿ ಅಲ್ಲಿ ಕಾಯುತ್ತೆ, ಕಾಣದಿದ್ದರೆ ಕೇಳುವುದನ್ನೇ ಬಿಡುತ್ತೆ.

ನೀವೂ ಹಾಗೇ ಮಾಡಿ. ಬೆಸುಗೆಗೆ 20 ಸೆಕೆಂಡ್ ಮೊದಲಿನಿಂದ ಪ್ಲೇ ಮಾಡಿ, 2 ಸೆಕೆಂಡ್ ಮೊದಲಿನಿಂದ ಅಲ್ಲ. ಕಿವಿ ತಾಳದಲ್ಲಿ ಕೂರಲು ನಾಲ್ಕು ಆವರ್ತವಾದರೂ ಬೇಕು. ಮುಖ ತಿರುಗಿಸಿ, ಕೈಯಲ್ಲಿ ತಾಳ ಹಾಕಿ. ಕೈ ತಡವರಿಸಿದರೆ ಉದ್ದದ ಅಳತೆ ತಪ್ಪಿದೆ, ಗುರುತು ಮತ್ತೆ ನೋಡಿ. ಕೈ ಸರಿಯಾಗಿ ಹೋಗಿ ಕಿವಿಗೆ ಮಾತ್ರ ಏನೋ ಚುಚ್ಚಿದರೆ ಬಾಲ ತುಂಡಾಗಿದೆ, ಕ್ರಾಸ್‌ಫೇಡ್ 15ರಿಂದ 30, 40ಕ್ಕೆ ಏರಿಸಿ. ಹೆಡ್‌ಫೋನ್‌ನಲ್ಲಿ ಕೇಳಿ. ಫೋನಿನ ಸ್ಪೀಕರಿನಲ್ಲಿ ತಂಬೂರಿಯ ಮಂದ್ರವೂ ಮೃದಂಗದ ಎಡಗಡೆಯೂ ಸರಿಯಾಗಿ ಕೇಳಲ್ಲ, ಅಲ್ಲಿ ಎಲ್ಲ ಬೆಸುಗೆಯೂ ಚೆನ್ನಾಗಿಯೇ ಇರುತ್ತೆ. ಆಮೇಲೆ ಮೃದಂಗ ನುಡಿಸಿದ ಆ ತಮ್ಮನನ್ನೇ ಕೂರಿಸಿ ಕೇಳಿಸಿ. ಎಲ್ಲಿ ಬೆಸೆದಿದ್ದೀರಿ ಅಂತ ಮೊದಲೇ ಹೇಳಬೇಡಿ.

ಎಲ್ಲ ಸರಿ ಅನಿಸಿದ ಮೇಲೆ 48,000 ಹರ್ಟ್ಸ್‌ನ ವೇವ್ ಆಗಿ ಒಂದೇ ಫೈಲ್ ತೆಗೆಯಿರಿ. ವಿಡಿಯೊದ ಮೊದಲ ಫ್ರೇಮ್‌ಗೆ ಹೊಂದಿಸಿ ಇಟ್ಟು, ಆ ಟ್ರ್ಯಾಕನ್ನು ಲಾಕ್ ಮಾಡಿಬಿಡಿ. ಆಮೇಲೆ ದೃಶ್ಯ ಒಂದೆರಡು ಸೆಕೆಂಡ್ ಕತ್ತರಿಸುವ ಆಸೆ ಆದರೆ ಗಾಣದ ದೃಶ್ಯದಲ್ಲೇ ಕತ್ತರಿಸಿ, ಆಡಿಯೊ ಎಡಿಟರ್‌ಗೆ ವಾಪಸ್ ಹೋಗಿ ಬಿಡುವನ್ನು ಅಷ್ಟೇ ಕಮ್ಮಿ ಮಾಡಿ. ಒಂಬತ್ತರಿಂದ ಐದಕ್ಕೆ ಹಾರುವ ಆ ಎರಡನೆಯ ಬೆಸುಗೆ ನಿಮ್ಮ ಕೈಯಲ್ಲಿ ಕೂಡದಿದ್ದರೆ, ಮೂಲ ವೇವ್ ಬಂದ ಮೇಲೆ ನನಗೂ ಒಂದು ಪ್ರತಿ ಕಳಿಸಿ. ನಾನು ಕೇಳಿದ್ದು ಎಂಪಿ3, ವೇವ್‌ನಲ್ಲಿ ಆ ಸ್ವರದ ತುದಿ ಇನ್ನೂ ಉದ್ದ ಕೇಳಿದರೂ ಕೇಳಬಹುದು.